ಮೂವತ್ತು ದಿನದ ಲೆಕ್ಕ: ಬ್ಯಾಂಕಿನ ಮೇಲಿನ ದೂರನ್ನು ಮೇಲಕ್ಕೆ ಒಯ್ಯುವ ದಾರಿ

(ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳೆಗೆ ಬೆಲೆ ಇಲ್ಲ ಅನ್ನುವ ಮಾತನ್ನು ನನಗಿಂತ ಮೊದಲು ಮಾತಾಡಿದವರು ವಿವರವಾಗಿ ಹೇಳಿದ್ದಾರೆ. ನಾನು ಅದನ್ನೇ ಮತ್ತೆ ಹೇಳೋದಿಲ್ಲ. ಬ್ಯಾಂಕಿನವರು ನಮ್ಮ ಖಾತೆಯಲ್ಲಿ ತಪ್ಪು ಮಾಡಿದಾಗ, ಕೇಳಿದರೂ ಸರಿಪಡಿಸದೇ ಇದ್ದಾಗ, ಆ ದೂರನ್ನು ಶಾಖೆಯಿಂದ ನೋಡಲ್ ಅಧಿಕಾರಿಗೆ, ಅಲ್ಲಿಂದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವರೆಗೆ ಹೇಗೆ ಒಯ್ಯಬೇಕು, ಎಷ್ಟೆಷ್ಟು ದಿನಕ್ಕೆ ಒಯ್ಯಬೇಕು ಅನ್ನುವುದಷ್ಟೇ ನನ್ನ ಇವತ್ತಿನ ಮಾತು.

ಓಂಬುಡ್ಸ್‌ಮನ್ ಅಂದರೆ ಯಾರು? ಬ್ಯಾಂಕಿಗೂ ಗಿರಾಕಿಗೂ ನಡುವೆ ತಕರಾರು ಬಂದಾಗ ಕೇಳಿ ತೀರ್ಮಾನ ಹೇಳಲು ರಿಸರ್ವ್ ಬ್ಯಾಂಕು ನೇಮಿಸಿದ ಅಧಿಕಾರಿ. ಕೆಲವರು ಬ್ಯಾಂಕಿಂಗ್ ಲೋಕಪಾಲ ಅಂತಲೂ ಕರೀತಾರೆ. 1995ರಲ್ಲಿ ಈ ವ್ಯವಸ್ಥೆ ಶುರುವಾಯಿತು. 2021ರ ನವೆಂಬರಿನಲ್ಲಿ ಬೇರೆ ಬೇರೆಯಾಗಿದ್ದ ಮೂರು ಯೋಜನೆಗಳನ್ನು ಸೇರಿಸಿ ಒಂದೇ ಯೋಜನೆ ಮಾಡಿದರು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಬೇಡ ಅಷ್ಟೇ ಅಲ್ಲ, ವಕೀಲರ ಮೂಲಕ ಹಾಕಿದ ದೂರನ್ನು 2021ರ ಯೋಜನೆಯಲ್ಲಿ ತೆಗೆದುಕೊಳ್ಳುವುದೇ ಇಲ್ಲ ಅಂತ ಬರೆದಿದ್ದರು. ನೀವೇ ಹಾಕಬಹುದು, ಇಲ್ಲವೇ ನೀವು ಒಪ್ಪಿಗೆ ಬರೆದುಕೊಟ್ಟ ಮಗನೋ ಮಗಳೋ ಅಳಿಯನೋ ಹಾಕಬಹುದು.

ಹಾಗಿದ್ದ ಮೇಲೆ ನಮ್ಮ ರೈತರ ದೂರುಗಳು ಯಾಕೆ ಅಲ್ಲಿ ನಿಲ್ಲುವುದಿಲ್ಲ? ವಿಷಯ ಸುಳ್ಳು ಅಂತಲ್ಲ. ತಾರೀಖು ಇಲ್ಲ, ಮುದ್ರೆ ಇಲ್ಲ ಅಂತ. ಆರು ತಿಂಗಳು ಬ್ಯಾಂಕಿಗೆ ಅಲೆದಿರುತ್ತೇವೆ, ಆದರೆ ಅಲೆದದ್ದಕ್ಕೆ ಒಂದು ಚೂರು ಕಾಗದ ಇರುವುದಿಲ್ಲ. ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರೆ ಇದು ಅರ್ಥವಾಗುತ್ತೆ. ರೈತರ ಹೆಸರು, ಬ್ಯಾಂಕಿನ ಹೆಸರು ಬೇಡ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿ ಹೇಳ್ತೇನೆ.

ಕಂತು ಹಿಡಿದರು, ವಿಮೆ ಮಾಡಲಿಲ್ಲ

2023 ನಿಮಗೆಲ್ಲ ನೆನಪಿದೆ. ಮುಂಗಾರು ಕೈಕೊಟ್ಟ ವರ್ಷ. ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ನಮ್ಮ ಕಡೆಯ ಒಬ್ಬ ರೈತರು ಐದು ಎಕರೆಗೆ, ಅಂದರೆ ಸುಮಾರು ಎರಡು ಹೆಕ್ಟೇರಿಗೆ, ಮುಸುಕಿನ ಜೋಳ ಹಾಕಿದ್ದರು. ಬ್ಯಾಂಕಿನಲ್ಲಿ ಬೆಳೆ ಸಾಲ ಇತ್ತು. ಬೆಳೆ ಸಾಲ ಇರುವವರು ಫಸಲ್ ಬಿಮಾ ಬೇಡ ಅಂತ ಕೊನೇ ದಿನಕ್ಕೆ ಏಳು ದಿನ ಮುಂಚೆ ಬರೆದುಕೊಡದೇ ಇದ್ದರೆ, ಬ್ಯಾಂಕಿನವರೇ ಕಂತು ಹಿಡಿದು ವಿಮೆಗೆ ಸೇರಿಸಬೇಕು. ಈ ರೈತರು ಬೇಡ ಅಂದಿರಲಿಲ್ಲ. ಜುಲೈ 27ಕ್ಕೆ ಅವರ ಸಾಲದ ಖಾತೆಯಿಂದ 2,000 ರೂಪಾಯಿ ಕಂತು ಹೋಯಿತು. ವಿಮೆಯ ಮೊತ್ತ 1 ಲಕ್ಷ. ಮುಂಗಾರಿನ ಆಹಾರ ಬೆಳೆಗೆ ರೈತನ ಪಾಲು ನೂರಕ್ಕೆ ಎರಡು. ಲೆಕ್ಕ ಸರಿಯಾಗಿತ್ತು.

ಬೆಳೆ ಒಣಗಿತು. 2024ರ ಬೇಸಿಗೆಯಲ್ಲಿ ಪಕ್ಕದ ಹೊಲದವರ ಖಾತೆಗೆ ವಿಮೆ ಹಣ ಬಂತು, ನೂರಕ್ಕೆ ನಲವತ್ತರಂತೆ. ಇವರಿಗೆ ಬರಲಿಲ್ಲ. ಕೇಳಿದರೆ ಬ್ಯಾಂಕಿನವರು "ಅದು ವಿಮಾ ಕಂಪನಿಯವರದ್ದು, ನಮಗೆ ಸಂಬಂಧ ಇಲ್ಲ" ಅಂದರು. ಕಂಪನಿಯವರನ್ನು ಕೇಳಿದರೆ "ಬ್ಯಾಂಕನ್ನು ಕೇಳಿ" ಅಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗೆ ಇವರು ನಡುವೆ ಸಿಕ್ಕಿಕೊಂಡರು.

ಇಂಥ ಕಡೆ ಮೊದಲ ಕೆಲಸ ದೂರು ಬರೆಯುವುದಲ್ಲ, ತಪ್ಪು ಯಾರದ್ದು ಅಂತ ಗೊತ್ತು ಮಾಡಿಕೊಳ್ಳುವುದು. ಓಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ತಪ್ಪನ್ನು ಮಾತ್ರ. ವಿಮಾ ಕಂಪನಿಯ ತಪ್ಪಾಗಿದ್ದರೆ ಅದು ಅವರ ಮುಂದೆ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಬೆಳೆ ವಿಮೆ ಅರ್ಜಿಗಳೆಲ್ಲ ಸಂರಕ್ಷಣೆ ಪೋರ್ಟಲ್‌ನಲ್ಲಿ ದಾಖಲಾಗುತ್ತವೆ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ ತೆಗೆದುಕೊಂಡು ಹೋಗಿ ಆ ವರ್ಷದ, ಆ ಸರ್ವೆ ನಂಬರಿನ ಅರ್ಜಿ ಏನಾಗಿದೆ ಅಂತ ಕೇಳಬೇಕು. ಬೆಳೆ ವಿಮೆಯ ಸಹಾಯವಾಣಿ 14447ಕ್ಕೂ ಕೇಳಬಹುದು.

ಅಲ್ಲಿ ಮೂರು ಥರದ ಉತ್ತರ ಬರಬಹುದು. ಅರ್ಜಿ ಇದೆ, ಆದರೆ ಬೆಳೆ ಸಮೀಕ್ಷೆಯಲ್ಲಿ ಬೇರೆ ಬೆಳೆ ಬರೆದಿದ್ದರಿಂದ ತಿರಸ್ಕಾರ ಆಗಿದೆ ಅಂದರೆ, ಬ್ಯಾಂಕು ಸರಿಯಾದ ಬೆಳೆಯನ್ನೇ ಬರೆದಿದ್ದ ಪಕ್ಷದಲ್ಲಿ, ಅದು ಬ್ಯಾಂಕಿನ ತಪ್ಪಲ್ಲ. ಸಮೀಕ್ಷೆ ಸರಿಪಡಿಸಲು ಕೃಷಿ ಇಲಾಖೆಗೆ ಹೋಗಬೇಕು. ಅರ್ಜಿ ಇದೆ, ಆದರೆ ಬ್ಯಾಂಕಿನವರು ಬೆಳೆಯನ್ನೋ ಊರನ್ನೋ ತಪ್ಪಾಗಿ ಹಾಕಿದ್ದಾರೆ ಅಂದರೆ ತಪ್ಪು ಬ್ಯಾಂಕಿನದು. ಅರ್ಜಿಯೇ ಇಲ್ಲ ಅಂದರೆ, ಕಂತು ಹಿಡಿದು ವಿಮೆಗೆ ಕಳಿಸಲೇ ಇಲ್ಲ ಅಂತ ಅರ್ಥ. ಅದೂ ಬ್ಯಾಂಕಿನದೇ.

ಇವರದ್ದು ಮೂರನೆಯದು. ಆಮೇಲೆ ಖಾತೆಯ ಪೂರ್ತಿ ಪಟ್ಟಿ ತೆಗೆಸಿ ಒಂದೊಂದೇ ಸಾಲು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಸೆಪ್ಟೆಂಬರ್ 14ಕ್ಕೆ, ಅಂದರೆ ವಿಮೆಗೆ ಸೇರಿಸುವ ಕಾಲ ಮುಗಿದ ಮೇಲೆ, ಆ 2,000 ರೂಪಾಯಿ ಸದ್ದಿಲ್ಲದೆ ಖಾತೆಗೆ ವಾಪಸು ಬಂದಿತ್ತು. ರೈತರಿಗೆ ಒಂದು ಮಾತು ಹೇಳಿಲ್ಲ, ಒಂದು ಚೀಟಿ ಕೊಟ್ಟಿಲ್ಲ. "ನಿಮ್ಮ ಹಣ ನಿಮಗೆ ವಾಪಸು ಬಂದಿದೆಯಲ್ಲ, ಇನ್ನೇನು?" ಅಂತ ಮ್ಯಾನೇಜರು ಕೇಳಿದರು. ಆದರೆ ಆ ಸಾಲೇ ನಮಗೆ ದೊಡ್ಡ ಸಾಕ್ಷಿ. ವಿಮೆ ಆಗಿಲ್ಲ ಅನ್ನುವುದು ಬ್ಯಾಂಕಿಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಅನ್ನುವುದನ್ನು ಅವರ ಪುಸ್ತಕವೇ ಹೇಳುತ್ತೆ. ಬ್ಯಾಂಕಿನ ತಪ್ಪಿನಿಂದ, ಬಿಟ್ಟುಹೋದದ್ದರಿಂದ ರೈತನಿಗೆ ವಿಮೆ ಹಣ ತಪ್ಪಿದರೆ ಅದನ್ನು ಆ ಬ್ಯಾಂಕೇ ತುಂಬಬೇಕು ಅಂತ ಫಸಲ್ ಬಿಮಾ ಮಾರ್ಗಸೂಚಿಯಲ್ಲೇ ಇದೆ.

ಮೊದಲ ಮೆಟ್ಟಿಲು: ಶಾಖೆ

ಅಲ್ಲಿಯವರೆಗೆ ಆ ರೈತರು ಒಂಬತ್ತು ಸಲ ಬ್ಯಾಂಕಿಗೆ ಹೋಗಿದ್ದರು. ಒಂಬತ್ತು ಸಲದ ಬಸ್ ಚಾರ್ಜು, ಒಂಬತ್ತು ದಿನದ ಕೆಲಸ. ಆದರೆ ಕಾನೂನಿನ ಲೆಕ್ಕದಲ್ಲಿ ಅವರು ಒಂದು ಸಲವೂ ದೂರು ಕೊಟ್ಟಿರಲಿಲ್ಲ. ಬಾಯಿಮಾತು ದೂರಲ್ಲ. ಬರೆದು ಕೊಟ್ಟು, ಕೊಟ್ಟದ್ದಕ್ಕೆ ಗುರುತು ಪಡೆದರೆ ಅದು ದೂರು. ಅಲ್ಲಿಂದ ದಿನ ಎಣಿಕೆ ಶುರು.

2024ರ ಜೂನ್ 10, ಸೋಮವಾರ, ಶಾಖಾ ವ್ಯವಸ್ಥಾಪಕರಿಗೆ ಬರೆದರು. ಕಾಗದ ಉದ್ದ ಇರಲಿಲ್ಲ. ಹೀಗಿತ್ತು:

"ನನ್ನ ಬೆಳೆ ಸಾಲದ ಖಾತೆ ನಂಬರ್ ಇಂಥದ್ದು. 27-7-2023ರಂದು ಫಸಲ್ ಬಿಮಾ ಕಂತು ಅಂತ 2,000 ರೂಪಾಯಿ ಕಡಿತ ಮಾಡಿದ್ದೀರಿ. ಸಂರಕ್ಷಣೆ ಪೋರ್ಟಲ್‌ನಲ್ಲಿ ನನ್ನ ಅರ್ಜಿ ದಾಖಲಾಗಿಲ್ಲ. 14-9-2023ರಂದು ನನಗೆ ತಿಳಿಸದೆ ಕಂತನ್ನು ವಾಪಸು ಹಾಕಿದ್ದೀರಿ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇದೇ ಬೆಳೆಗೆ ವಿಮಾ ಮೊತ್ತದ ನೂರಕ್ಕೆ 40ರಂತೆ ಪರಿಹಾರ ಬಂದಿದೆ. ನನಗೆ ಬರಬೇಕಾಗಿದ್ದ 40,000 ರೂಪಾಯಿ ನಿಮ್ಮ ಶಾಖೆಯ ಲೋಪದಿಂದ ತಪ್ಪಿದೆ. ವಾಪಸು ಬಂದ ಕಂತು 2,000 ಕಳೆದು 38,000 ರೂಪಾಯಿಯನ್ನು ಬ್ಯಾಂಕು ನನಗೆ ಕೊಡಬೇಕು. ದಯಮಾಡಿ ಲಿಖಿತ ಉತ್ತರ ಕೊಡಿ."

ಈ ಕಾಗದದಲ್ಲಿ ಏನಿದೆ ನೋಡಿ. ಖಾತೆ ನಂಬರ್ ಇದೆ, ತಾರೀಖು ಇದೆ, ನಡೆದ ತಪ್ಪು ಒಂದೇ ಇದೆ, ಕೇಳುವ ರೂಪಾಯಿ ಇದೆ. ಏನಿಲ್ಲ ನೋಡಿ. ಸರ್ಕಾರವನ್ನು ಬೈದಿಲ್ಲ, ಮ್ಯಾನೇಜರ ನಡತೆ ಬಗ್ಗೆ ಬರೆದಿಲ್ಲ, ಸಾಲ ಮನ್ನಾ ಕೇಳಿಲ್ಲ. ಅವೆಲ್ಲ ನ್ಯಾಯವೇ ಇರಬಹುದು. ಆದರೆ ಒಂದೇ ಕಾಗದದಲ್ಲಿ ಐದು ಮಾತು ಸೇರಿಸಿದರೆ ಬ್ಯಾಂಕಿನವರು ಅವುಗಳಲ್ಲಿ ಸುಲಭದ ಒಂದಕ್ಕೆ ಉತ್ತರ ಬರೆದು "ದೂರು ಇತ್ಯರ್ಥವಾಗಿದೆ" ಅಂತಾರೆ.

ನಲವತ್ತು ಸಾವಿರ ಅನ್ನುವ ಲೆಕ್ಕಕ್ಕೆ ಆಧಾರ ಏನು ಅಂತ ನೀವು ಕೇಳಬಹುದು. ಈ ವಿಮೆಯಲ್ಲಿ ಇಳುವರಿ ನಷ್ಟದ ಪರಿಹಾರವನ್ನು ಒಬ್ಬೊಬ್ಬರ ಹೊಲ ನೋಡಿ ಕೊಡುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಒಂದು ಘಟಕ. ಆ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೀತಾರೆ. ಮೊದಲೇ ಗೊತ್ತು ಮಾಡಿದ ಇಳುವರಿಗಿಂತ ಅದು ಎಷ್ಟು ಪಾಲು ಕಡಿಮೆಯೋ, ವಿಮಾ ಮೊತ್ತದಲ್ಲಿ ಅಷ್ಟು ಪಾಲು ಎಲ್ಲರಿಗೂ ಕೊಡ್ತಾರೆ. ಆದ್ದರಿಂದ ಅದೇ ಪಂಚಾಯಿತಿಯಲ್ಲಿ ಅದೇ ಬೆಳೆಗೆ ಹಣ ಬಂದ ನೆರೆಯವರ ಪಾಸ್‌ಬುಕ್ಕಿನ ನಕಲೇ ನಿಮ್ಮ ಲೆಕ್ಕಕ್ಕೆ ಪುರಾವೆ. ಇವರು ಇಬ್ಬರು ನೆರೆಯವರನ್ನು ಕೇಳಿ ನಕಲು ಪಡೆದು ಲಗತ್ತಿಸಿದರು.

ಕಾಗದದ ಎರಡು ಪ್ರತಿ ಮಾಡಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಮುದ್ರೆ, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. "ಇಟ್ಟು ಹೋಗಿ, ನೋಡ್ತೀವಿ" ಅಂದರೆ ಇಟ್ಟು ಬರಬೇಡಿ. ಮುದ್ರೆ ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಹಳೇ ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದ್ದಾರೆ. ರಸೀತಿಯ ಜೊತೆಗೆ ಕಾಗದ ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿ ಪಡೆಯಿರಿ, ಯಾಕೆಂದರೆ ದಿನ ಎಣಿಸುವುದು ಬ್ಯಾಂಕಿಗೆ ಕಾಗದ ತಲುಪಿದ ದಿನದಿಂದ.

ಎರಡನೇ ಮೆಟ್ಟಿಲು: ನೋಡಲ್ ಅಧಿಕಾರಿ

ಶಾಖೆಯವರು ಎರಡು ವಾರ ಸುಮ್ಮನಿದ್ದರು. ಹದಿನೈದನೇ ದಿನ, ಜೂನ್ 25ಕ್ಕೆ, ಇವರು ಅದೇ ದೂರಿನ ನಕಲನ್ನು ಬ್ಯಾಂಕಿನ ನೋಡಲ್ ಅಧಿಕಾರಿಗೆ ಕಳಿಸಿದರು. ನೋಡಲ್ ಅಧಿಕಾರಿ ಅಂದರೆ ಗಿರಾಕಿಗಳ ದೂರಿಗೆ ಬ್ಯಾಂಕಿನ ಪರವಾಗಿ ಹೊಣೆ ಹೊತ್ತ ಮೇಲಿನ ಅಧಿಕಾರಿ. ಅವರ ಹೆಸರು, ವಿಳಾಸ, ಫೋನು ಶಾಖೆಯ ಗೋಡೆಯ ಮೇಲೆ ಫಲಕದಲ್ಲಿ ಇರಬೇಕು. ಕ್ಯಾಲೆಂಡರೋ ಸಾಲದ ಜಾಹೀರಾತೋ ಮುಚ್ಚಿರುತ್ತೆ, ಸರಿಸಿ ನೋಡಿ. ಇವರ ಮೇಲೆ ಪ್ರಧಾನ ನೋಡಲ್ ಅಧಿಕಾರಿ ಅಂತ ಒಬ್ಬರಿರುತ್ತಾರೆ. ಓಂಬುಡ್ಸ್‌ಮನ್ ಮುಂದೆ ಬ್ಯಾಂಕಿನ ಪರ ಉತ್ತರ ಕೊಡಬೇಕಾದವರು ಅವರೇ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ನಮ್ಮವರು ಎಡವುವುದೇ ಇಲ್ಲಿ. ಶಾಖೆಗೆ ಮೂವತ್ತು ದಿನ, ಆಮೇಲೆ ನೋಡಲ್ ಅಧಿಕಾರಿಗೆ ಮೂವತ್ತು ದಿನ, ಆಮೇಲೆ ಪ್ರಧಾನ ಕಚೇರಿಗೆ ಇನ್ನೊಂದು ಮೂವತ್ತು ದಿನ ಅಂತ ಬ್ಯಾಂಕಿನವರು ಹೇಳ್ತಾರೆ. 2021ರ ಯೋಜನೆಯಲ್ಲಿ ಹಾಗೆ ಇರಲಿಲ್ಲ. ಬ್ಯಾಂಕಿಗೆ ಲಿಖಿತ ದೂರು ತಲುಪಿ ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು ಅಂತಿತ್ತು. ಶಾಖೆಯೂ ಬ್ಯಾಂಕೇ, ನೋಡಲ್ ಅಧಿಕಾರಿಯೂ ಬ್ಯಾಂಕೇ. ಮೂವತ್ತು ದಿನ ಒಂದೇ ಸಲ, ಮೊದಲ ದೂರಿನಿಂದ. ಅದಕ್ಕೇ ನೋಡಲ್ ಅಧಿಕಾರಿಗೆ ಬರೆಯುವಾಗ ಇವರು ಹೊಸ ದೂರು ಅಂತ ಬರೆಯಲಿಲ್ಲ. "10-6-2024ರಂದು ಶಾಖೆಗೆ ಕೊಟ್ಟ ದೂರಿನ ಮುಂದುವರಿಕೆ" ಅಂತ ಮೊದಲ ಸಾಲಿನಲ್ಲೇ ಬರೆದು, ಮುದ್ರೆ ಇದ್ದ ಪ್ರತಿಯ ನಕಲು ಲಗತ್ತಿಸಿದರು.

ಹಾಗಾದರೆ ನೋಡಲ್ ಅಧಿಕಾರಿಗೆ ಬರೆಯುವ ಅಗತ್ಯವೇನು, ನೇರ ಮೇಲೆ ಹೋಗಬಹುದಲ್ಲ ಅಂತ ಕೇಳಬಹುದು. ಎರಡು ಕಾರಣ ಇದೆ. ಎಷ್ಟೋ ದೂರು ಅಲ್ಲೇ ಮುಗಿಯುತ್ತವೆ. ಶಾಖೆಯವರಿಗೆ ತಮ್ಮ ತಪ್ಪನ್ನು ಒಪ್ಪುವ ಧೈರ್ಯ ಇರುವುದಿಲ್ಲ, ಮೇಲಿನವರಿಗೆ ಹಣ ಕೊಡಿಸುವ ಅಧಿಕಾರ ಇರುತ್ತೆ. ಇನ್ನೊಂದು, ದೊಡ್ಡ ವಾಣಿಜ್ಯ ಬ್ಯಾಂಕುಗಳಲ್ಲಿ ದೂರನ್ನು ತಿರಸ್ಕರಿಸುವ ಮುಂಚೆ ಬ್ಯಾಂಕಿನ ಒಳಗಿನ ಓಂಬುಡ್ಸ್‌ಮನ್ ಅಂತ ಒಬ್ಬರಿಗೆ ತೋರಿಸಬೇಕು. ಅವರ ಹತ್ತಿರ ನಾವು ನೇರ ಹೋಗುವಂತಿಲ್ಲ, ಬ್ಯಾಂಕೇ ಕಳಿಸಬೇಕು. ಕಾಗದ ಮೇಲಿನ ಕಚೇರಿಯಲ್ಲಿ ದಾಖಲಾಗಿದ್ದರೆ ಈ ದಾರಿ ನಡೆಯುತ್ತೆ. ಶಾಖೆಯ ಮೇಜಿನಲ್ಲೇ ಉಳಿದರೆ ನಡೆಯುವುದಿಲ್ಲ.

ಜುಲೈ 5ಕ್ಕೆ ನೋಡಲ್ ಅಧಿಕಾರಿಯಿಂದ ಒಂದು ಸಾಲಿನ ಉತ್ತರ ಬಂತು. "ತಮ್ಮ ದೂರು ಪರಿಶೀಲನೆಯಲ್ಲಿದೆ." ಅದೇ ವಾರ ಮ್ಯಾನೇಜರು ಮನೆಗೆ ಹೇಳಿ ಕಳಿಸಿದರು. "ಎರಡು ಸಾವಿರದ ಮೇಲೆ ಬಡ್ಡಿ ಅಂತ ಇನ್ನೂರು ರೂಪಾಯಿ ಹಾಕ್ತೀವಿ, ಈ ಕಾಗದಕ್ಕೆ ಒಂದು ಸಹಿ ಹಾಕಿ." ಕಾಗದ ಓದಿಸಿ ನೋಡಿದರೆ ಅದರಲ್ಲಿ "ನನ್ನ ದೂರು ಸಂಪೂರ್ಣ ಇತ್ಯರ್ಥವಾಗಿದೆ, ಇನ್ನು ಯಾವ ಬಾಕಿಯೂ ಇಲ್ಲ" ಅಂತ ಇತ್ತು. ಸಹಿ ಹಾಕಿದ್ದರೆ ಇನ್ನೂರು ರೂಪಾಯಿಗೆ ಮೂವತ್ತೆಂಟು ಸಾವಿರ ಹೋಗುತ್ತಿತ್ತು. ಹಾಕಲಿಲ್ಲ. ಇಂಥ ಕಾಗದ ಬಂದಾಗ ಹಣ ಬೇಡ ಅನ್ನಬೇಕಾಗಿಲ್ಲ, "ಖಾತೆಗೆ ಹಾಕಿ, ಸಹಿ ಬೇಡ" ಅನ್ನಿ ಸಾಕು.

ಫೋನಿನ ಮೂಲಕ ದೂರು ದಾಖಲಿಸಿದವರಿಗೆ ಇನ್ನೊಂದು ಥರ ಆಗುತ್ತೆ. ಮೊಬೈಲಿಗೆ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಸಂದೇಶ ಬರುತ್ತೆ. ಏನೂ ಪರಿಹಾರ ಆಗಿರುವುದಿಲ್ಲ. ಆ ಸಂದೇಶವನ್ನು ಅಳಿಸಬೇಡಿ. ಅದೇ ಬ್ಯಾಂಕಿನ ಉತ್ತರ. ಅದು ತೃಪ್ತಿ ಇಲ್ಲ ಅಂತ ಮೇಲೆ ಹೋಗಲು ಮೂವತ್ತು ದಿನ ಕಾಯಬೇಕಾಗಿಯೂ ಇಲ್ಲ. ಆದರೆ ಆ ದಿನದಿಂದಲೇ ನಿಮ್ಮ ಮುಂದಿನ ಗಡುವು ಓಡಲು ಶುರುವಾಗುತ್ತೆ ಅನ್ನುವುದು ನೆನಪಿರಲಿ.

ಮೂರನೇ ಮೆಟ್ಟಿಲು: ಓಂಬುಡ್ಸ್‌ಮನ್

ಜೂನ್ 10ರಿಂದ ಮೂವತ್ತು ದಿನ ಜುಲೈ 10ಕ್ಕೆ ಮುಗಿಯಿತು. ಜುಲೈ 15ಕ್ಕೆ ಇವರು ಓಂಬುಡ್ಸ್‌ಮನ್ ಅವರಿಗೆ ದೂರು ಹಾಕಿದರು. ಮೂವತ್ತು ದಿನ ತುಂಬುವ ಮುಂಚೆ ಹಾಕಿದ್ದರೆ, ಬ್ಯಾಂಕಿನ ಉತ್ತರವೂ ಬಂದಿರದಿದ್ದರೆ, ದೂರು ಬಾಗಿಲಲ್ಲೇ ವಾಪಸು. ತುಂಬ ತಡ ಮಾಡಿದರೂ ವಾಪಸು. 2021ರ ಯೋಜನೆಯಲ್ಲಿ ಬ್ಯಾಂಕಿನ ಉತ್ತರ ಬಂದ ಒಂದು ವರ್ಷದೊಳಗೆ, ಉತ್ತರವೇ ಬಾರದಿದ್ದರೆ ದೂರು ಕೊಟ್ಟ ದಿನದಿಂದ ಒಂದು ವರ್ಷ ಮೂವತ್ತು ದಿನದೊಳಗೆ ಅಂತ ಇಟ್ಟಿದ್ದರು. ಇಂಥ ಗಡುವುಗಳನ್ನು ರಿಸರ್ವ್ ಬ್ಯಾಂಕು ಯೋಜನೆ ಬದಲಿಸಿದಾಗ ಬದಲಿಸಬಹುದು. ವರ್ಷ ಇದೆಯಲ್ಲ ಅಂತ ನಂಬಿ ಸುಗ್ಗಿ ಮುಗಿಸಿ ನೋಡೋಣ ಅನ್ನಬೇಡಿ. ನಾನು ಹೇಳುವ ಲೆಕ್ಕ ಸುಲಭ: ಮೂವತ್ತು ದಿನ ಕಾಯಿರಿ, ಮುಂದಿನ ಮೂವತ್ತು ದಿನದೊಳಗೆ ಹಾಕಿಬಿಡಿ. ಹಾಕುವ ಮುಂಚೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನು ಮಾಡಿ ಈಗಿನ ಗಡುವು ಕೇಳಿಕೊಳ್ಳಿ, ಕನ್ನಡದಲ್ಲೇ ಮಾತಾಡ್ತಾರೆ. ವಿಮೆಯದು 14447, ರಿಸರ್ವ್ ಬ್ಯಾಂಕಿನದು 14448, ಒಂದೇ ಅಂಕಿಯ ವ್ಯತ್ಯಾಸ.

ಹಾಕುವುದು ಹೇಗೆ? ಮನೆಯಲ್ಲಿ ಓದಿದ ಹುಡುಗರಿದ್ದರೆ cms.rbi.org.in ಅನ್ನುವ ಜಾಲತಾಣದಲ್ಲಿ ಹಾಕಬಹುದು. ಇವರ ಮಗಳು ಹಾಗೆ ಹಾಕಿದಳು. ಅಂಚೆಯಲ್ಲಿ ಕಳಿಸುವವರಿಗಾಗಿ 2021ರ ಯೋಜನೆಯಲ್ಲಿ ಇಡೀ ದೇಶಕ್ಕೆ ಚಂಡೀಗಢದಲ್ಲಿ ಒಂದೇ ಕೇಂದ್ರ ಮಾಡಿದರು. ಸೆಕ್ಟರ್ 17ರ ರಿಸರ್ವ್ ಬ್ಯಾಂಕಿನ ನಾಲ್ಕನೇ ಮಹಡಿ, ಪಿನ್ 160017. ಯಾವ ಭಾಷೆಯಲ್ಲಿ ಬರೆದರೂ ತೆಗೆದುಕೊಳ್ಳಬೇಕು ಅಂತಲೇ ಆ ಕೇಂದ್ರ ಮಾಡಿದ್ದು, ಆದ್ದರಿಂದ ಕನ್ನಡದಲ್ಲಿ ಬರೆಯಲು ಅಂಜಬೇಡಿ. ಅಂಚೆಯಲ್ಲಾದರೆ ನಿಗದಿತ ನಮೂನೆ ತುಂಬಿ, ಕೊನೆಯ ಘೋಷಣೆಯ ಕೆಳಗೆ ಸಹಿ ಹಾಕಬೇಕು. ಇದೇ ವಿಷಯ ಯಾವ ಕೋರ್ಟಿನಲ್ಲೂ ಇಲ್ಲ ಅಂತ ಅದರಲ್ಲಿ ನೀವು ಹೇಳಬೇಕಾಗುತ್ತೆ. ಇವರು ಲಗತ್ತಿಸಿದ್ದು ಐದೇ ಕಾಗದ: ಮುದ್ರೆ ಇದ್ದ ಶಾಖೆಯ ದೂರು, ನೋಡಲ್ ಅಧಿಕಾರಿಗೆ ಬರೆದದ್ದು ಮತ್ತು ಅವರ ಉತ್ತರ, ಎರಡೂ ಸಾಲು ಕಾಣುವ ಖಾತೆ ಪಟ್ಟಿ, ಪೋರ್ಟಲ್‌ನಲ್ಲಿ ಅರ್ಜಿ ಇಲ್ಲ ಅನ್ನುವ ಮುದ್ರಿತ ಪ್ರತಿ, ನೆರೆಯವರ ಪಾಸ್‌ಬುಕ್ಕಿನ ನಕಲು.

ನಮ್ಮ ಸಂಘಟನೆಯವರಿಗೆ ಒಂದು ಅಭ್ಯಾಸ ಇದೆ. ಒಂದು ಮನವಿ ಬರೆದು ಮುಖ್ಯಮಂತ್ರಿಗೆ, ಜಿಲ್ಲಾಧಿಕಾರಿಗೆ, ಶಾಸಕರಿಗೆ ಕಳಿಸಿ, ಕೊನೆಯಲ್ಲಿ "ಪ್ರತಿ: ಓಂಬುಡ್ಸ್‌ಮನ್" ಅಂತ ಹಾಕ್ತೀವಿ. ಚಳವಳಿಗೆ ಅದು ಸರಿ. ಇಲ್ಲಿ ನಡೆಯುವುದಿಲ್ಲ. ಬೇರೆಯವರಿಗೆ ಬರೆದ ಕಾಗದದ ಪ್ರತಿಯನ್ನು ಅವರು ದೂರು ಅಂತ ಎಣಿಸುವುದಿಲ್ಲ. ಹಾಗೆಯೇ ನೂರು ಜನ ಸಹಿ ಹಾಕಿದ ಒಂದು ಮನವಿಯ ಬದಲು, ತಪ್ಪಾದ ಒಬ್ಬೊಬ್ಬರೂ ತಮ್ಮ ತಮ್ಮ ಖಾತೆ ನಂಬರಿನ ಮೇಲೆ ಬೇರೆ ಬೇರೆ ದೂರು ಹಾಕಿದರೆ ಒಬ್ಬೊಬ್ಬರ ಲೆಕ್ಕ ಸ್ಪಷ್ಟವಾಗುತ್ತೆ.

ದೂರು ದಾಖಲಾದ ಮೇಲೆ ಬ್ಯಾಂಕಿಗೆ ಪ್ರತಿ ಹೋಯಿತು. ಹದಿನೈದು ದಿನದೊಳಗೆ ಬ್ಯಾಂಕು ಲಿಖಿತ ಉತ್ತರ, ದಾಖಲೆ ಕೊಡಬೇಕು ಅನ್ನುವುದು ಆಗಿನ ನಿಯಮ. ಬ್ಯಾಂಕು ಏನು ಹೇಳಿತು ಗೊತ್ತೇ? "ರೈತರ ಆಧಾರಿನ ಹೆಸರಿಗೂ ಪಹಣಿಯ ಹೆಸರಿಗೂ ಹೊಂದಲಿಲ್ಲ, ಪೋರ್ಟಲ್ ತೆಗೆದುಕೊಳ್ಳಲಿಲ್ಲ, ಅದಕ್ಕೆ ಕಂತು ವಾಪಸು ಮಾಡಿದೆವು." ಇದು ಬಹಳ ಕಡೆ ಬರುವ ಉತ್ತರ, ಅದಕ್ಕೇ ಇದಕ್ಕೆ ಇವರು ಕೊಟ್ಟ ಮರುಮಾತನ್ನು ಗಮನಿಸಿ. "ಹೆಸರು ಹೊಂದದಿದ್ದರೆ ಕೊನೇ ದಿನದ ಒಳಗೆ ನನಗೆ ತಿಳಿಸಿದ್ದೀರಾ? ತಿಳಿಸಿದ ಕಾಗದ ಎಲ್ಲಿ? ಅದೇ ಆಧಾರ್, ಅದೇ ಪಹಣಿ ಇಟ್ಟುಕೊಂಡು ನನಗೆ ಸಾಲ ಕೊಟ್ಟಿರಲ್ಲ?" ತಿಳಿಸಿದ ಕಾಗದ ಬ್ಯಾಂಕಿನ ಹತ್ತಿರ ಇರಲಿಲ್ಲ.

ಓಂಬುಡ್ಸ್‌ಮನ್ ಮೊದಲು ಎರಡೂ ಕಡೆಯವರನ್ನು ಒಪ್ಪಂದಕ್ಕೆ ತರಲು ನೋಡ್ತಾರೆ. ಆಗದಿದ್ದರೆ ತೀರ್ಪು ಬರೀತಾರೆ. ಇಲ್ಲಿ ಒಪ್ಪಂದದಲ್ಲೇ ಮುಗಿಯಿತು. ಬ್ಯಾಂಕು ಮೊದಲು ಹತ್ತು ಸಾವಿರ ಅಂದಿತು, ಆಮೇಲೆ ಇಪ್ಪತ್ತು ಅಂದಿತು. ಇವರು ನೆರೆಯವರ ಪಾಸ್‌ಬುಕ್ಕು ಹಿಡಿದು ಕೂತರು. ಕೊನೆಗೆ 38,000 ರೂಪಾಯಿ ಉಳಿತಾಯ ಖಾತೆಗೆ ಬಂತು. ಸಾಲಕ್ಕೆ ಜಮಾ ಮಾಡಬಾರದು ಅಂತ ಒಪ್ಪಂದದ ಕಾಗದದಲ್ಲೇ ಬರೆಸಿಕೊಂಡಿದ್ದರು. ಜೂನ್ 10ಕ್ಕೆ ಶುರುವಾದದ್ದು ಅಕ್ಟೋಬರಿನಲ್ಲಿ ಮುಗಿಯಿತು.

ಒಪ್ಪಂದ ಆಗದೆ ತೀರ್ಪು ಬಂದಿದ್ದರೆ? 2021ರ ಯೋಜನೆಯಲ್ಲಿ ತೀರ್ಪಿನ ಪ್ರತಿ ಕೈಗೆ ಬಂದ ಮೂವತ್ತು ದಿನದೊಳಗೆ "ಒಪ್ಪಿದ್ದೇನೆ" ಅಂತ ರೈತರು ಬ್ಯಾಂಕಿಗೆ ಬರೆದು ಕೊಡಬೇಕಿತ್ತು. ಬರೆಯದಿದ್ದರೆ ಗೆದ್ದ ತೀರ್ಪೂ ಬಿದ್ದುಹೋಗುತ್ತಿತ್ತು. ಒಪ್ಪಿಗೆ ತಲುಪಿದ ಮೂವತ್ತು ದಿನದೊಳಗೆ ಬ್ಯಾಂಕು ಹಣ ಕೊಡಬೇಕಿತ್ತು. ತೀರ್ಪು ಸರಿಯಿಲ್ಲ ಅನಿಸಿದರೆ ಮೇಲ್ಮನವಿಗೂ ಮೂವತ್ತು ದಿನ. ಆದ್ದರಿಂದ ಗೆದ್ದೆವು ಅಂತ ಲಕೋಟೆಯನ್ನು ದೇವರ ಮನೆಯಲ್ಲಿ ಇಡಬೇಡಿ, ಒಡೆದು ಕೊನೇ ಸಾಲಿನವರೆಗೆ ಓದಿಸಿ.

ಎಲ್ಲಿ ಈ ದಾರಿ ನಡೆಯುವುದಿಲ್ಲ

ಸಾಲ ಕೊಡಲಿಲ್ಲ, ಕೇಳಿದಷ್ಟು ಕೊಡಲಿಲ್ಲ, ಒಂದೇ ಕಂತಿನ ತೀರುವಳಿಗೆ ಒಪ್ಪಲಿಲ್ಲ ಅನ್ನುವುದನ್ನೆಲ್ಲ ಬ್ಯಾಂಕಿನ ವ್ಯವಹಾರದ ತೀರ್ಮಾನ ಅಂತ ಹೇಳಿ ಓಂಬುಡ್ಸ್‌ಮನ್ ಬಿಟ್ಟುಬಿಡ್ತಾರೆ. ಅದು ಚಳವಳಿಯ ವಿಷಯ, ಈ ಅರ್ಜಿಯ ವಿಷಯ ಅಲ್ಲ. ನಿಯಮ ಇದೆ, ಬ್ಯಾಂಕು ಅದನ್ನು ಮೀರಿದೆ, ಅದರಿಂದ ಇಷ್ಟು ನಷ್ಟ ಆಗಿದೆ ಅಂತ ತೋರಿಸುವ ಹಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಊರಿನ ಸಹಕಾರ ಸಂಘದಲ್ಲಿ ಸಾಲ ಇರುವವರು ಇಲ್ಲಿ ಬಹಳ ಜನ ಇದ್ದೀರಿ. ಪ್ರಾಥಮಿಕ ಕೃಷಿ ಪತ್ತಿನ ಸಂಘ ಬ್ಯಾಂಕಲ್ಲ. ಅದರ ಮೇಲಿನ ದೂರು ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ ಹೋಗಬೇಕು. ಆದರೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಅಪೆಕ್ಸ್ ಬ್ಯಾಂಕುಗಳನ್ನು 2025ರ ನವೆಂಬರ್ 1ರಿಂದ ಓಂಬುಡ್ಸ್‌ಮನ್ ವ್ಯಾಪ್ತಿಗೆ ತಂದಿದ್ದಾರೆ. ಡಿಸಿಸಿ ಬ್ಯಾಂಕಿನಲ್ಲೇ ನೇರ ಖಾತೆ ಇರುವವರಿಗೆ ಈಗ ಈ ದಾರಿ ಇದೆ.

ಗ್ರಾಹಕರ ಆಯೋಗದ ದಾರಿಯೂ ಇದೆ. ಆದರೆ ಎರಡು ಕಡೆ ಒಟ್ಟಿಗೆ ಹಾಕಬೇಡಿ. ಅಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಮೊದಲು ಇಲ್ಲಿ, ಇಲ್ಲಿ ಆಗದಿದ್ದರೆ ಅಲ್ಲಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ತಪ್ಪು ನಡೆದ ದಿನದಿಂದ ಎರಡು ವರ್ಷದ ಗಡುವು ಇದೆ. ಓಂಬುಡ್ಸ್‌ಮನ್ ಹತ್ತಿರ ದೂರು ಇದೆ ಅಂತ ಆ ಎರಡು ವರ್ಷ ನಿಂತು ಕಾಯುತ್ತೆ ಅಂತ ಎಣಿಸಬೇಡಿ. ಈ ಕಾರಣಕ್ಕೂ ಶಾಖೆಯ ಬಾಗಿಲಲ್ಲಿ ತಿಂಗಳುಗಟ್ಟಲೆ ಅಲೆಯುವುದು ನಷ್ಟ.

ಇವತ್ತು ಮನೆಗೆ ಹೋಗಿ ಸಾಲದ ಖಾತೆಯ ಪಾಸ್‌ಬುಕ್ಕು ತೆಗೆಯಿರಿ. ಈ ಸಲದ ವಿಮಾ ಕಂತು ಹೋಗಿದೆಯಾ ನೋಡಿ. ಹೋಗಿದ್ದರೆ ಅರ್ಜಿ ನಂಬರ್ ಏನು ಅಂತ ಬ್ಯಾಂಕಿನವರನ್ನು ಕೇಳಿ ಪಾಸ್‌ಬುಕ್ಕಿನ ಅಂಚಿನಲ್ಲೇ ಬರೆದಿಟ್ಟುಕೊಳ್ಳಿ. ಕೊನೇ ದಿನಕ್ಕೆ ಮುಂಚೆಯೇ ನಂಬರ್ ಸಿಗದಿದ್ದರೆ, ಆಗಲೇ ಬರೆದು ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಬೆಳೆ ಹೋದ ಮೇಲೆ ಮೂವತ್ತೆಂಟು ಸಾವಿರಕ್ಕೆ ನಾಲ್ಕು ತಿಂಗಳು ಬಡಿದಾಡುವುದಕ್ಕಿಂತ, ವಿಮೆಗೆ ಸೇರಿಸುವ ಕಾಲದಲ್ಲೇ ಆ ನಂಬರನ್ನು ಕೇಳಿ ಪಡೆಯುವುದು ಸುಲಭ.